ಒದ್ದೆ ಗೋಡೆ: ಬಾಡಿಗೆದಾರರ ದೂರಿನಲ್ಲಿ ಏನಿರಬೇಕು?

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಇಲ್ಲಿನ ಅನೇಕ ಮನೆಗಳ ಗೋಡೆ ಕೆಂಪುಕಲ್ಲಿನದು. ಸೂಕ್ಷ್ಮ ರಂಧ್ರಗಳುಳ್ಳ ಈ ಕಲ್ಲು, ಹೊರಗಿನ ಗಾರೆ ಬಿರುಕುಬಿಟ್ಟರೆ ನೀರನ್ನು ಹೀರಿಕೊಳ್ಳುತ್ತದೆ. ಒಳಗೋಡೆಯಲ್ಲಿ ಕಪ್ಪು ಬೂಷ್ಟು ಕಂಡಾಗ ಬಾಡಿಗೆದಾರರು ಬಾಯಿಮಾತಿನಲ್ಲಿ ದೂರುತ್ತಾರೆ, ಮಾಲೀಕರು ಬಣ್ಣ ಬಳಿಸುತ್ತಾರೆ. ಮುಂದಿನ ಮಳೆಗಾಲಕ್ಕೆ ಬೂಷ್ಟು ಮರಳುತ್ತದೆ. ನೀರು ಬರುವ ದಾರಿಯನ್ನು ಯಾರೂ ಹುಡುಕದಿರುವುದೇ ಇದಕ್ಕೆ ಕಾರಣ.

ಆ ದಾರಿಯನ್ನು ಮನೆಯವರೇ ಬಹುಮಟ್ಟಿಗೆ ಗುರುತಿಸಬಹುದು. ತೇವವು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಮಾತ್ರವಿದ್ದು, ಅದರ ಅಂಚಿನಲ್ಲಿ ಬಿಳಿ ಉಪ್ಪು ಕಂಡರೆ ನೀರು ತಳಪಾಯದಿಂದ ಏರುತ್ತಿದೆ. ಮಳೆ ಬಡಿಯುವ ಗೋಡೆಯಲ್ಲಿ ಕಲೆ ಮೂಡಿ, ಮಳೆ ಬಿಟ್ಟ ದಿನಗಳಲ್ಲಿ ಮಸುಕಾದರೆ ಬಿರುಕು ಅಥವಾ ಒಡೆದ ಕೊಳವೆ ಕಾರಣ. ಕಪಾಟಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ ಮಾತ್ರ ಬೂಷ್ಟಿದ್ದರೆ ಕೋಣೆಯೊಳಗಿನ ಹಬೆಯೇ ಕಾರಣವಿರಬಹುದು. ಸಂಶಯವಿದ್ದಲ್ಲಿ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಬೇಕು. ಹಾಳೆಯ ಒಳಬದಿ ಒದ್ದೆಯಾದರೆ ತೇವ ಗೋಡೆಯದು; ಹೊರಬದಿ ಒದ್ದೆಯಾದರೆ ಕೋಣೆಯ ಗಾಳಿಯದು.

ಮಲಗುವ ಕೋಣೆಯ ಪಡುವಣ ಗೋಡೆ ಒದ್ದೆಯಾಗಿ, ಶಾಲೆಗೆ ಹೋಗುವ ಮಗುವಿಗೆ ರಾತ್ರಿ ಕೆಮ್ಮು, ಉಬ್ಬಸ ಬರುವ ಮನೆಯೊಂದನ್ನು ಉದಾಹರಣೆಯಾಗಿ ನೋಡಬಹುದು. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಆದರೂ ಪತ್ರದಲ್ಲಿ 'ಬೂಷ್ಟಿನಿಂದಲೇ ರೋಗ ಬಂತು' ಎಂದು ಬರೆಯುವುದು ಸಲ್ಲದು. ಕೆಮ್ಮು ಆರಂಭವಾದ ದಿನ, ವೈದ್ಯರು ಬರೆದುಕೊಟ್ಟ ಚೀಟಿಯ ಪ್ರತಿ, ಕಲೆಯ ಅಳತೆ, ದಿನಾಂಕಸಹಿತ ಚಿತ್ರಗಳು ಇದ್ದರೆ ಸಾಕು.

ಬೇಡಿಕೆಯು ಋತುವಿಗೆ ಹೊಂದಬೇಕು. ಒಂದು ವಾರದೊಳಗೆ ಮೇಸ್ತ್ರಿಯಿಂದ ಪರಿಶೀಲನೆ. ಎರಡು ವಾರದೊಳಗೆ ಕೊಳವೆ ದುರಸ್ತಿ ಮತ್ತು ಮಳೆ ಬಡಿಯುವ ಗೋಡೆಗೆ ತಾತ್ಕಾಲಿಕ ಟಾರ್ಪಾಲಿನ ಮರೆ. ಮಳೆ ನಿಂತು ಗೋಡೆ ಒಣಗಿದ ಮೇಲೆ, ಡಿಸೆಂಬರ್–ಜನವರಿಯಲ್ಲಿ, ಸಡಿಲ ಗಾರೆ ಕಿತ್ತು ಬಿರುಕು ಮುಚ್ಚಿ ಹೊರಗೋಡೆಗೆ ಜಲನಿರೋಧಕ ಲೇಪನ. ಆಷಾಢದಲ್ಲೇ ಲೇಪನ ಮಾಡಿಸೆಂದು ಒತ್ತಾಯಿಸಿದರೆ ಹಣ ವ್ಯರ್ಥ, ಏಕೆಂದರೆ ಒದ್ದೆ ಗೋಡೆಯ ಮೇಲಿನ ಲೇಪ ಗುಳ್ಳೆಯೆದ್ದು ಕಳಚುತ್ತದೆ. ಅಲ್ಲಿಯವರೆಗೆ ಮಗುವಿನ ಹಾಸಿಗೆಯನ್ನು ಬೇರೆ ಕೋಣೆಗೆ ಸರಿಸುವುದು ಲೇಸು. ಬೂಷ್ಟನ್ನು ಒಣಗಿದಂತೆಯೇ ಗುಡಿಸಿದರೆ ಅದರ ಕಣಗಳು ಗಾಳಿಗೆ ಹರಡುತ್ತವೆ. ಸಾಬೂನುನೀರಿನ ಬಟ್ಟೆಯಿಂದ ಒರೆಸಬೇಕು.

1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮಿನ ಪ್ರಕಾರ, ಮಾಲೀಕರು ತಾವು ಮಾಡಿಸಲೇಬೇಕಾದ ದುರಸ್ತಿಯನ್ನು ಸೂಚನೆ ತಲಪಿದ ಬಳಿಕ ಯುಕ್ತ ಅವಧಿಯಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ವೆಚ್ಚವನ್ನು ಬಾಡಿಗೆಯಿಂದ ಕಳೆಯಬಹುದು. ಆದರೆ ದುರಸ್ತಿಯ ಹೊಣೆ ಯಾರದೆಂಬುದು ಕರಾರನ್ನು ಅವಲಂಬಿಸಿದೆ. ಕರಾರು ಮಲಯಾಳದಲ್ಲಿದ್ದರೆ ಬಲ್ಲವರಿಂದ ಓದಿಸಿಕೊಂಡೇ ಹೆಜ್ಜೆಯಿಡಬೇಕು. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಕಾಪಿಡಬೇಕು. 'ಸೂಚನೆ' ಕೊಟ್ಟದ್ದಕ್ಕೆ ಅದೇ ಸಾಕ್ಷಿ.