ಹನ್ನೆರಡರಿಂದ ಗುಣಿಸಿದ ಸಂಬಳ

ಪಕ್ಕದ ಮನೆಯ ಹುಡುಗಿ ಒಂದು ಸಂಜೆ ಕೈಯಲ್ಲಿ ಕಾಗದ ಹಿಡಿದು ಬಂದಳು. "ಅಂಕಲ್, ಹೋಮ್ ಲೋನ್‌ಗೆ ಸ್ಯಾಲರಿ ಸರ್ಟಿಫಿಕೇಟ್ ಕೊಟ್ಟಿದ್ದೆ. ಬ್ಯಾಂಕಿನವರು ಲೆಕ್ಕ ತಾಳೆ ಆಗ್ತಿಲ್ಲ ಅಂತ ವಾಪಸ್ ಕಳಿಸಿದ್ರು. ಕಂಪನಿ ಲೆಟರ್‌ಹೆಡ್ ಇದೆ, ಸೀಲ್ ಇದೆ, ಸಹಿ ಇದೆ. ಇನ್ನೇನು ಬೇಕಂತೆ?"

ಒಂದು ಕಾರ್ಖಾನೆಯ ಸಂಬಳದ ವಿಭಾಗದಲ್ಲಿ ಬಹಳ ವರ್ಷ ಕೂತವನು ನಾನು. ಇಂಥ ಕಾಗದಗಳನ್ನು ನಾನೇ ಟೈಪ್ ಮಾಡಿಸಿ ಕೊಟ್ಟಿದ್ದೇನೆ. ಅದರಲ್ಲಿ ಎರಡೇ ಅಂಕಿಗಳಿದ್ದವು: ತಿಂಗಳ ಒಟ್ಟು ಸಂಬಳ 58,539 ರೂಪಾಯಿ, ವರ್ಷದ ಒಟ್ಟು 7,02,468 ರೂಪಾಯಿ. ಎರಡನೆಯದು ಮೊದಲನೆಯದರ ಸರಿಯಾಗಿ ಹನ್ನೆರಡರಷ್ಟು. ನನಗೆ ಅನುಮಾನ ಬಂದದ್ದು ಅಲ್ಲೇ. ವರ್ಷದ ನಡುವೆ ಇನ್‌ಕ್ರಿಮೆಂಟ್ ಆಗಿದ್ದವರ, ಒಂದೆರಡು ದಿನ ಸಂಬಳವಿಲ್ಲದ ರಜೆ ಹಾಕಿದವರ ವರ್ಷದ ಮೊತ್ತ ಹನ್ನೆರಡರಿಂದ ನಿಶ್ಶೇಷವಾಗಿ ಭಾಗವಾಗಿ ಕೊನೆಯ ತಿಂಗಳ ಸಂಬಳವೇ ಬರುವುದು ಸಾಧ್ಯವಿಲ್ಲ.

"ನಿನಗೆ ಸಂಬಳ ಹೆಚ್ಚಾದದ್ದು ಯಾವಾಗ?" ಅಂತ ಕೇಳಿದೆ. "ಅಕ್ಟೋಬರ್‌ನಲ್ಲಿ."

ಹನ್ನೆರಡು ಪೇ ಸ್ಲಿಪ್ ತರಿಸಿ ಮೇಜಿನ ಮೇಲೆ ಹರಡಿಕೊಂಡೆವು. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬೇಸಿಕ್ 24,000, ಮನೆಬಾಡಿಗೆ ಭತ್ಯೆ 9,600, ವಿಶೇಷ ಭತ್ಯೆ 14,400, ಒಟ್ಟು 48,000. ಅಕ್ಟೋಬರ್‌ನಿಂದ 2026ರ ಮಾರ್ಚ್‌ವರೆಗೆ ಅವೇ ಮೂರು 27,000, 10,800 ಮತ್ತು 16,200 ಆಗಿ, ಒಟ್ಟು 54,000. ಆರು ತಿಂಗಳು ಹಳೆಯ ದರ, ಆರು ತಿಂಗಳು ಹೊಸ ದರ. ಕೂಡಿದರೆ ವರ್ಷಕ್ಕೆ 6,12,000. ಸರ್ಟಿಫಿಕೇಟ್ ಹೇಳುತ್ತಿದ್ದದ್ದಕ್ಕಿಂತ 90,468 ರೂಪಾಯಿ ಕಡಿಮೆ.

ಈ ವ್ಯತ್ಯಾಸದಲ್ಲಿ 36,000 ರೂಪಾಯಿ ಹೊಸ ಸಂಬಳವನ್ನು ಇಡೀ ವರ್ಷಕ್ಕೆ ಗುಣಿಸಿದ್ದರಿಂದ ಬಂದದ್ದು. ಉಳಿದದ್ದು ಎಲ್ಲಿಯದು ಎಂದು ಹುಡುಕಿದಾಗ ಅವಳ ಆಫರ್ ಲೆಟರಿನ ಸಿ.ಟಿ.ಸಿ. ಪಟ್ಟಿ ನೆನಪಾಯಿತು. ಸಿ.ಟಿ.ಸಿ. ಎಂದರೆ ಒಬ್ಬ ನೌಕರನಿಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು. ಅದರಲ್ಲಿ ನೌಕರನ ಕೈಗೆ ತಿಂಗಳು ತಿಂಗಳು ಬಾರದ ಬಾಬತ್ತುಗಳೂ ಸೇರಿರುತ್ತವೆ. ಬೇಸಿಕ್‌ನ ಶೇ. 12ರಂತೆ ಕಂಪನಿ ತನ್ನ ಪಾಲಿನಿಂದ ಕಟ್ಟುವ ಪಿ.ಎಫ್. 3,240. ಗ್ರಾಚ್ಯುಟಿಗೆಂದು ಶೇ. 4.81ರಂತೆ ತೆಗೆದಿಡುವ ಹಣ 1,299. ಇವೆರಡನ್ನೂ 54,000ಕ್ಕೆ ಸೇರಿಸಿದರೆ ಸರಿಯಾಗಿ 58,539. ಯಾರೋ ಅವಸರದಲ್ಲಿ ಸಿ.ಟಿ.ಸಿ. ಪಟ್ಟಿಯನ್ನೇ ಎತ್ತಿ ಸಂಬಳ ಎಂದು ಬರೆದಿದ್ದರು. ಮೋಸದ ಉದ್ದೇಶ ಅಲ್ಲಿರಲಿಲ್ಲ. ಆದರೆ ಹೆಚ್ಚು ತೋರಿಸಿದರೆ ಸಾಲ ಹೆಚ್ಚು ಸಿಗುತ್ತದೆ ಎಂದು ಸುಮ್ಮನಿರುವವರನ್ನೂ ನಾನು ನೋಡಿದ್ದೇನೆ, ಅದು ತಪ್ಪು. ಬ್ಯಾಂಕಿನವರು ಸರ್ಟಿಫಿಕೇಟ್ ಒಂದನ್ನೇ ಓದುವುದಿಲ್ಲ. ಪಕ್ಕದಲ್ಲಿ ಸಂಬಳದ ಖಾತೆಯ ಸ್ಟೇಟ್‌ಮೆಂಟ್ ಇಟ್ಟುಕೊಳ್ಳುತ್ತಾರೆ.

ಆ ಸ್ಟೇಟ್‌ಮೆಂಟ್‌ನಲ್ಲಿ ಅಕ್ಟೋಬರ್‌ನಿಂದ ಜಮಾ ಆದದ್ದು 50,560. 54,000ದಲ್ಲಿ ಅವಳ ಪಾಲಿನ ಪಿ.ಎಫ್. 3,240 ಮತ್ತು ವೃತ್ತಿ ತೆರಿಗೆ 200 ಕಳೆದರೆ ಇಷ್ಟೇ ಬರಬೇಕು. ಅವಳ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ, ಹಾಗಾಗಿ ಟಿ.ಡಿ.ಎಸ್. ಸೊನ್ನೆ. ಫೆಬ್ರವರಿಯಲ್ಲಿ ಮಾತ್ರ 50,460 ಬಂದಿತ್ತು. ನೂರು ರೂಪಾಯಿ ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಿಂದ ವೃತ್ತಿ ತೆರಿಗೆ ಹನ್ನೊಂದು ತಿಂಗಳು 200 ರೂಪಾಯಿ, ಫೆಬ್ರವರಿಯಲ್ಲಿ 300. ವರ್ಷಕ್ಕೆ 2,500, ಸಂವಿಧಾನ ಈ ತೆರಿಗೆಗೆ ಹಾಕಿರುವ ಮಿತಿಯೂ ಅಷ್ಟೇ. ಅಂದರೆ ಕಡಿತದ ಸಾಲಿನಲ್ಲೂ ಹನ್ನೆರಡರಿಂದ ಗುಣಿಸಿದರೆ ತಪ್ಪುತ್ತದೆ: 2,400 ಬರುತ್ತದೆ, ನೂರು ರೂಪಾಯಿ ಕಾಣೆಯಾಗುತ್ತದೆ.

ಇನ್ನೊಂದು ತಾಳೆಯೂ ಇದೆ. ಯು.ಎ.ಎನ್. ಪಾಸ್‌ಬುಕ್ ತೆರೆದು ನೌಕರನ ಪಾಲಿನ ಪಿ.ಎಫ್. ನೋಡಿ. 3,240 ಎಂದರೆ 27,000ದ ಶೇ. 12. ಬೇಸಿಕ್ ಸರಿ ಇದೆ ಎಂದು ಅಲ್ಲೇ ತಿಳಿಯುತ್ತದೆ. ಆದರೆ ಕೆಲವು ಕಂಪನಿಗಳು ಬೇಸಿಕ್ ಎಷ್ಟೇ ಇರಲಿ, 15,000 ರೂಪಾಯಿಯ ಮೇಲಷ್ಟೇ ಪಿ.ಎಫ್. ಕಟ್ಟುತ್ತವೆ. ಅಂಥವರ ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳೂ 1,800 ಕಾಣುತ್ತದೆ. ಅವರಿಗೆ ಈ ತಾಳೆ ಉಪಯೋಗಕ್ಕೆ ಬರುವುದಿಲ್ಲ.

"ಫಾರಂ 16 ಬಂದರೆ ಎಲ್ಲ ಸರಿಹೋಗಲ್ವಾ?" ಅಂದಳು. ಹೋಗುತ್ತದೆ. ಆದರೆ ಅದನ್ನು ಕೊಡಲು ಕಂಪನಿಗೆ ಜೂನ್ 15ರವರೆಗೆ ಸಮಯವಿದೆ. ಏಪ್ರಿಲ್‌ನಲ್ಲಿ ಸಾಲ ಕೇಳುವವರಿಗೆ ಹಿಂದಿನ ವರ್ಷದ ಲೆಕ್ಕ ಹೇಳುವ ಕಾಗದ ಈ ಸರ್ಟಿಫಿಕೇಟ್ ಒಂದೇ. ಜೂನ್‌ನಲ್ಲಿ ಫಾರಂ 16 ಬಂದಾಗ ಅದರ ಒಟ್ಟು ಸಂಬಳ ಬೇರೆಯಾಗಿದ್ದರೆ ಬ್ಯಾಂಕು ಮತ್ತೆ ಪ್ರಶ್ನೆ ಕೇಳುತ್ತದೆ.

ಎಚ್.ಆರ್.ನವರಿಗೆ ಪತ್ರ ಬರೆಯಲು ಕೂತೆವು. ಅವಳ ಮೊದಲ ಕರಡು ಒಂದೇ ಸಾಲು: "ಸ್ಯಾಲರಿ ಸರ್ಟಿಫಿಕೇಟ್ ತಪ್ಪಾಗಿದೆ, ದಯವಿಟ್ಟು ಸರಿಪಡಿಸಿ ಕೊಡಿ." ಇದನ್ನು ಓದಿದವರು ಏನು ತಪ್ಪು ಎಂದು ಹುಡುಕಬೇಕು. ದಿನಕ್ಕೆ ಇಂಥ ಹತ್ತು ಕೋರಿಕೆ ನೋಡುವವರು ಹುಡುಕುವುದಿಲ್ಲ, ಅದೇ ನಮೂನೆಯಲ್ಲಿ ತಾರೀಖು ಬದಲಿಸಿ ಮತ್ತೆ ಕೊಡುತ್ತಾರೆ. ಕೂಡುವ ಕೆಲಸ ನಾವೇ ಮಾಡಿ, ಅವರು ತಮ್ಮ ಸಂಬಳದ ರಿಜಿಸ್ಟರ್ ಜೊತೆ ಹೋಲಿಸಿ ನೋಡುವಂತೆ ಬರೆಯಬೇಕು. ಕೊನೆಗೆ ಪತ್ರ ಹೀಗಾಯಿತು:

*ಮಾನ್ಯರೇ,*

*ವಿಷಯ: 2025–26ರ ವೇತನ ಪ್ರಮಾಣಪತ್ರದ ತಿದ್ದುಪಡಿ. ನೌಕರ ಸಂಖ್ಯೆ …*

*ಗೃಹಸಾಲಕ್ಕಾಗಿ ನೀವು ಕೊಟ್ಟ ಪ್ರಮಾಣಪತ್ರಕ್ಕೆ ಧನ್ಯವಾದ. ಅದರಲ್ಲಿ ತಿಂಗಳ ವೇತನ 58,539 ಎಂದಿದೆ. ಇದರಲ್ಲಿ ಕಂಪನಿಯ ಪಾಲಿನ ಪಿ.ಎಫ್. 3,240 ಮತ್ತು ಗ್ರಾಚ್ಯುಟಿ 1,299 ಸೇರಿವೆ. ವರ್ಷದ ಮೊತ್ತವನ್ನು ಇದನ್ನೇ ಹನ್ನೆರಡರಿಂದ ಗುಣಿಸಿ ಬರೆಯಲಾಗಿದೆ. ನನ್ನ ವೇತನ ಪರಿಷ್ಕರಣೆ ಆದದ್ದು ಅಕ್ಟೋಬರ್ 1ರಿಂದ.*

*ಪೇ ಸ್ಲಿಪ್‌ಗಳ ಪ್ರಕಾರ ವರ್ಷದ ಮೊತ್ತ: ಬೇಸಿಕ್ 3,06,000, ಮನೆಬಾಡಿಗೆ ಭತ್ಯೆ 1,22,400, ವಿಶೇಷ ಭತ್ಯೆ 1,83,600, ಒಟ್ಟು 6,12,000. ಕಡಿತ: ನನ್ನ ಪಾಲಿನ ಪಿ.ಎಫ್. 36,720, ವೃತ್ತಿ ತೆರಿಗೆ 2,500, ಟಿ.ಡಿ.ಎಸ್. ಇಲ್ಲ. ಕೈಗೆ ಬಂದದ್ದು 5,72,780.*

*ದಯವಿಟ್ಟು ನಿಮ್ಮ ದಾಖಲೆಯೊಂದಿಗೆ ಹೋಲಿಸಿ, ಏಪ್ರಿಲ್–ಸೆಪ್ಟೆಂಬರ್ ಮತ್ತು ಅಕ್ಟೋಬರ್–ಮಾರ್ಚ್ ತಿಂಗಳ ದರಗಳನ್ನು ಬೇರೆ ಬೇರೆ ತೋರಿಸಿ, ಬಾಬತ್ತುವಾರು ವರ್ಷದ ಮೊತ್ತದೊಂದಿಗೆ ಹೊಸ ಪ್ರಮಾಣಪತ್ರ ಕೊಡಿ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಯಾವ ತಿಂಗಳಿನದೆಂದು ತಿಳಿಸಿ. ಸಹಿ ಮಾಡುವವರ ಹೆಸರು, ಹುದ್ದೆ, ತಾರೀಖು, ಸೀಲ್ ಇರಲಿ. ಹನ್ನೆರಡು ಪೇ ಸ್ಲಿಪ್ ಮತ್ತು ಪರಿಷ್ಕರಣೆಯ ಪತ್ರ ಲಗತ್ತಿಸಿದ್ದೇನೆ.*

ಪತ್ರ ಕನ್ನಡದಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಬಾಬತ್ತುಗಳ ಹೆಸರು ಪೇ ಸ್ಲಿಪ್‌ನಲ್ಲಿ ಇರುವ ಹಾಗೆಯೇ ಇರಬೇಕು. ಅಲ್ಲಿ ವಿಶೇಷ ಭತ್ಯೆ ಎಂದಿದ್ದದ್ದನ್ನು ಇಲ್ಲಿ ಇತರೆ ಭತ್ಯೆ ಎಂದರೆ ಬ್ಯಾಂಕಿನವರು ಹೊಸದೊಂದು ಬಾಬತ್ತು ಎಂದುಕೊಳ್ಳುತ್ತಾರೆ. ಪ್ರವಾಸದ ಬಿಲ್ಲಿನ ಹಣ ಸಂಬಳದ ಜೊತೆ ಜಮಾ ಆಗಿದ್ದರೆ ಅದನ್ನು ಮೊತ್ತಕ್ಕೆ ಸೇರಿಸಬಾರದು, ನೀವೇ ಖರ್ಚು ಮಾಡಿದ್ದು ವಾಪಸ್ ಬಂದದ್ದು ಅದು. ಹಾಗೆಯೇ ಕೈಗೆ ಬಂದ ಹಣವನ್ನೇ ಸಂಬಳ ಎಂದು ಬರೆಸಿಕೊಂಡರೂ ನಷ್ಟವೇ. ಪಿ.ಎಫ್.ಗೆ ಹೋದ 36,720 ರೂಪಾಯಿಯೂ ಅವಳ ದುಡಿಮೆಯದೇ ತಾನೇ.

ಮೇಲ್ ಕಳಿಸಿದ ಮೂರನೇ ದಿನ ಎಚ್.ಆರ್.ನಿಂದ ಫೋನ್ ಬಂತಂತೆ: ಫೆಬ್ರವರಿಯ ನೂರು ರೂಪಾಯಿಯನ್ನು ತಾವೂ ಮರೆತಿದ್ದೆವು ಎಂದರಂತೆ. ಹೊಸ ಸರ್ಟಿಫಿಕೇಟ್‌ನಲ್ಲಿ ಎರಡು ದರಗಳೂ ಇದ್ದವು, ಕೆಳಗೆ ಒಟ್ಟು 6,12,000.