ಮೋಟಾರಿನ ಕೀರಲು ದನಿಗೆ ಮದ್ದು

ಆರ್ಡುಯಿನೋ ಊನೋ ಬೋರ್ಡಿಗೆ ಪುಟ್ಟದೊಂದು ಡಿ.ಸಿ. ಮೋಟಾರ್ ಜೋಡಿಸಿ, `analogWrite(9, 64)` ಎಂದು ಬರೆದರೆ ಮೋಟಾರ್ ನಿಧಾನವಾಗಿ ತಿರುಗುತ್ತದೆ. ಜೊತೆಗೆ ಒಂದೇ ಶ್ರುತಿಯಲ್ಲಿ ‘ಕೂಂ’ ಎಂದು ಕೊರೆಯುವ ಸದ್ದೂ ಹೊರಡುತ್ತದೆ. ಬೇರಿಂಗ್ ಕೆಟ್ಟಿದೆ ಎಂದುಕೊಂಡು ಎಣ್ಣೆ ಬಿಡುವವರಿದ್ದಾರೆ, ಮೋಟಾರನ್ನೇ ಬದಲಾಯಿಸುವವರಿದ್ದಾರೆ. ಹೊಸ ಮೋಟಾರೂ ಅದೇ ರಾಗ ಹಾಡುತ್ತದೆ. ಏಕೆಂದರೆ ಹಾಡುತ್ತಿರುವುದು ಬೇರಿಂಗ್ ಅಲ್ಲ, ಬೋರ್ಡಿನ ಚಿಪ್ಪಿನೊಳಗಿರುವ ಟೈಮರ್.

ಮೋಟಾರಿನ ವೇಗ ತಗ್ಗಿಸಲು ನಡುವೆ ಒಂದು ರೆಸಿಸ್ಟರ್ ಇಡಬಹುದಲ್ಲ ಎಂದು ಕೇಳಬಹುದು. ಇಡಬಹುದು, ಆದರೆ ತಡೆದ ವಿದ್ಯುತ್ತೆಲ್ಲ ಆ ರೆಸಿಸ್ಟರಿನಲ್ಲಿ ಶಾಖವಾಗಿ ವ್ಯರ್ಥವಾಗುತ್ತದೆ, ಮೋಟಾರಿನ ಬಲವೂ ಕುಗ್ಗುತ್ತದೆ. ಅದಕ್ಕೇ ಇನ್ನೊಂದು ದಾರಿ ಹಿಡಿಯುತ್ತಾರೆ: ವಿದ್ಯುತ್ತನ್ನು ತಗ್ಗಿಸುವ ಬದಲು ಪೂರ್ತಿ ಕೊಡುವುದು, ಪೂರ್ತಿ ನಿಲ್ಲಿಸುವುದು, ಇದನ್ನೇ ಬಹು ಬೇಗ ಬೇಗ ಮಾಡುವುದು. ಸೈಕಲ್ಲನ್ನು ನಾಲ್ಕು ಸಲ ತುಳಿದು ಸ್ವಲ್ಪ ಹೊತ್ತು ಸುಮ್ಮನಿದ್ದರೂ ಚಕ್ರ ಒಂದೇ ಹದದಲ್ಲಿ ಉರುಳುತ್ತಿರುತ್ತದಲ್ಲ, ಹಾಗೆ. ಒಂದು ಸುತ್ತಿನಲ್ಲಿ ಎಷ್ಟು ಭಾಗ ಆನ್ ಇರುತ್ತದೋ ಅದಕ್ಕೆ ಡ್ಯೂಟಿ ಎನ್ನುತ್ತಾರೆ. ಈ ಇಡೀ ವಿಧಾನದ ಹೆಸರು ಪಲ್ಸ್ ವಿಡ್ತ್ ಮಾಡ್ಯುಲೇಶನ್, ಬಳಕೆಯಲ್ಲಿ ಪಿಡಬ್ಲ್ಯುಎಂ.

ಊನೋದ ಒಂಬತ್ತನೆಯ ಪಿನ್ನಿನಲ್ಲಿ ಈ ಆನ್-ಆಫ್ ಸೆಕೆಂಡಿಗೆ ಸುಮಾರು 490 ಸಲ ನಡೆಯುತ್ತದೆ. ಪ್ರತಿ ಸಲವೂ ಮೋಟಾರಿನ ಸುರುಳಿಗೆ ಒಂದು ಸಣ್ಣ ಗುದ್ದು ಬೀಳುತ್ತದೆ, ಲೋಹ ಕಂಪಿಸುತ್ತದೆ. 490 ಹರ್ಟ್ಸ್ ಎಂದರೆ ವಾದ್ಯಗಳನ್ನು ಹೊಂದಿಸಿಕೊಳ್ಳುವ 440 ಹರ್ಟ್ಸಿಗಿಂತ ತುಸು ಮೇಲಿನ ಸ್ವರ. ಕಿವಿಗೆ ಚೆನ್ನಾಗಿಯೇ ತಾಗುತ್ತದೆ. ಸದ್ದು ನಿಲ್ಲಬೇಕಾದರೆ ಮನುಷ್ಯರ ಕಿವಿಗೆ ನಿಲುಕದ 20,000 ಹರ್ಟ್ಸಿಗೆ ಏರಬೇಕು. (ಮನೆಯ ನಾಯಿಗೆ ಆಗಲೂ ಕೇಳಿಸಬಹುದು, ಅದು ಬೇರೆ ಮಾತು.) `analogWrite` ಗೆ ಡ್ಯೂಟಿಯನ್ನಷ್ಟೇ ಹೇಳಬಹುದು, ಆವರ್ತನವನ್ನು ಹೇಳಲು ಬರುವುದಿಲ್ಲ. ಹೀಗಾಗಿ ಟೈಮರಿನ ರಿಜಿಸ್ಟರುಗಳಿಗೇ ಕೈ ಹಾಕಬೇಕು.

ಊನೋದಲ್ಲಿರುವ ಎಟಿಮೆಗಾ328ಪಿ ಚಿಪ್ಪಿನಲ್ಲಿ ಮೂರು ಟೈಮರುಗಳಿವೆ. ಸೊನ್ನೆಯ ಟೈಮರನ್ನು ಮುಟ್ಟಿದರೆ `delay` ಮತ್ತು `millis` ಲೆಕ್ಕ ತಪ್ಪುತ್ತವೆ, ಆದ್ದರಿಂದ ನಮಗೆ ಟೈಮರ್ 1 ವಾಸಿ. ಅದು ಮಾಡುವುದು ಎಣಿಕೆ, ಅಷ್ಟೇ. ಸೊನ್ನೆಯಿಂದ ಶುರು ಮಾಡಿ ಒಂದು ಮಿತಿಯವರೆಗೆ ಎಣಿಸಿ, ಮತ್ತೆ ಸೊನ್ನೆಗೆ ಬರುತ್ತದೆ. ಮಿತಿ ಯಾವುದೆಂದು `ICR1` ಎಂಬ ರಿಜಿಸ್ಟರ್ ಹೇಳುತ್ತದೆ. ಎಣಿಕೆ ಸೊನ್ನೆಗೆ ಬಂದಾಗ ಪಿನ್ ಆನ್ ಆಗುತ್ತದೆ, `OCR1A` ಯಲ್ಲಿ ಬರೆದ ಸಂಖ್ಯೆಯನ್ನು ದಾಟಿದಾಗ ಆಫ್ ಆಗುತ್ತದೆ. ಪ್ರೊಸೆಸರ್ ಬೇರೆ ಕೆಲಸದಲ್ಲಿ ಮುಳುಗಿದ್ದರೂ ಇದು ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಈಗ ಲೆಕ್ಕ. ಚಿಪ್ಪಿನ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. ನಮಗೆ ಬೇಕಾದದ್ದು ಸೆಕೆಂಡಿಗೆ 20,000 ಸುತ್ತು. ಭಾಗಿಸಿದರೆ ಸುತ್ತಿಗೆ 800 ಮಿಡಿತ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಮಿತಿ 799. ಕಾಲು ಭಾಗ ಆನ್ ಇರಬೇಕಾದರೆ 200 ಮಿಡಿತ, ಅಂದರೆ `OCR1A` ಯಲ್ಲಿ 199.

```c
DDRB  |= (1 << DDB1);
TCCR1A = (1 << COM1A1) | (1 << WGM11);
TCCR1B = (1 << WGM13) | (1 << WGM12);
ICR1   = 799;
OCR1A  = 199;
TCCR1B |= (1 << CS10);
```

ಮೊದಲ ಸಾಲು ಒಂಬತ್ತನೆಯ ಪಿನ್ನನ್ನು ಔಟ್‌ಪುಟ್ ಮಾಡುತ್ತದೆ. ಮುಂದಿನೆರಡು ಸಾಲುಗಳು ಟೈಮರಿಗೆ ‘ಮಿತಿಯನ್ನು `ICR1` ನಲ್ಲಿ ನೋಡು, ಪಿನ್ನನ್ನು ನೀನೇ ಆನ್-ಆಫ್ ಮಾಡು’ ಎಂದು ಹೇಳುತ್ತವೆ. ಕೊನೆಯ ಸಾಲು ಗಡಿಯಾರವನ್ನು ಜೋಡಿಸಿ ಎಣಿಕೆ ಶುರು ಮಾಡಿಸುತ್ತದೆ. ಇಲ್ಲಿ ಸಾಲುಗಳ ಕ್ರಮ ಮುಖ್ಯ. `ICR1` ಅನ್ನು ಮಿತಿಯಾಗಿ ಬಳಸುವ ವಿಧಾನವನ್ನು ಮೊದಲು ಆರಿಸದಿದ್ದರೆ ಆ ರಿಜಿಸ್ಟರಿನಲ್ಲಿ ಸಂಖ್ಯೆ ಕೂರುವುದಿಲ್ಲ ಎಂದು ಚಿಪ್ಪಿನ ಡೇಟಾಶೀಟ್ ಸ್ಪಷ್ಟವಾಗಿ ಹೇಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಮೂರನೆಯ ಸಾಲಿನಲ್ಲಿ. ಅಲ್ಲಿ `=` ಬದಲು `|=` ಬರೆದರೆ ಹಳೆಯ ಬಿಟ್‌ಗಳು ಉಳಿದುಬಿಡುತ್ತವೆ. ನಮ್ಮ ಪ್ರೋಗ್ರಾಂ ಶುರುವಾಗುವ ಮೊದಲೇ ಆರ್ಡುಯಿನೋ ತಂತ್ರಾಂಶ ಈ ಟೈಮರಿನ ಗಡಿಯಾರವನ್ನು 64ರಿಂದ ಭಾಗಿಸಿ ಇಟ್ಟಿರುತ್ತದೆ. ಅದು ಅಳಿಯದಿದ್ದರೆ 20,000ದ ಬದಲು 312 ಹರ್ಟ್ಸ್ ಬರುತ್ತದೆ, ಮೋಟಾರ್ ಮೊದಲಿಗಿಂತ ದಪ್ಪ ದನಿಯಲ್ಲಿ ಗೊಣಗುತ್ತದೆ. ಇದನ್ನು ಹಿಡಿಯಲು ಆಸಿಲೋಸ್ಕೋಪ್ ಬೇಕಿಲ್ಲ. ಆವರ್ತನ ತೋರಿಸುವ ಮಲ್ಟಿಮೀಟರ್ ಸಾಕು. ಅದೇ ಮೀಟರನ್ನು ಡಿ.ಸಿ. ವೋಲ್ಟಿಗೆ ತಿರುಗಿಸಿದರೆ ಪಿನ್ನಿನಲ್ಲಿ ಸುಮಾರು 1.25 ವೋಲ್ಟ್ ಕಾಣಬೇಕು, ಅಂದರೆ 5ರ ಕಾಲು ಭಾಗ. ವೋಲ್ಟ್ ಸರಿಯಿದ್ದು ಸದ್ದು ನಿಲ್ಲದಿದ್ದರೆ ತಪ್ಪು ಆವರ್ತನದಲ್ಲಿದೆ ಎಂದೇ ಅರ್ಥ.

ಪಿನ್ನಿಗೆ ಮೋಟಾರನ್ನು ನೇರವಾಗಿ ಕಟ್ಟಬಾರದು. ಒಂದು ಪಿನ್ ತಾಳುವ ಗರಿಷ್ಠ ಮಿತಿಯೇ 40 ಮಿಲಿಆಂಪಿಯರ್. ಆಟಿಕೆಯ ಮೋಟಾರ್ ಕೂಡ ಹೊರಡುವಾಗ ಅದಕ್ಕಿಂತ ಎಷ್ಟೋ ಪಟ್ಟು ಎಳೆಯುತ್ತದೆ. ನಡುವೆ 5 ವೋಲ್ಟಿಗೆ ಪೂರ್ತಿ ತೆರೆದುಕೊಳ್ಳುವ ಮಾಸ್‌ಫೆಟ್ ಬೇಕು, ಮೋಟಾರಿಗೆ ಅಡ್ಡಲಾಗಿ ಒಂದು ಡಯೋಡ್ ಬೇಕು. ಪಿನ್ ಆಫ್ ಆದ ಕ್ಷಣ ಸುರುಳಿಯ ವಿದ್ಯುತ್ ಥಟ್ಟನೆ ನಿಲ್ಲಲು ಒಪ್ಪುವುದಿಲ್ಲ. ಹರಿಯಲು ಡಯೋಡಿನ ದಾರಿ ಸಿಗದಿದ್ದರೆ ವೋಲ್ಟೇಜು ಜಿಗಿದು ಮಾಸ್‌ಫೆಟ್ ಸುಟ್ಟುಹೋಗಬಹುದು. 20,000 ಹರ್ಟ್ಸಿನಲ್ಲಿ ಡಯೋಡೂ ಚುರುಕಾಗಿರಬೇಕು, ಆದ್ದರಿಂದ ಶಾಟ್ಕಿ ಬಗೆಯದು ಒಳ್ಳೆಯದು. ಹಾಗೆಂದು ಆವರ್ತನವನ್ನು ಇನ್ನೂ ಏರಿಸುತ್ತಾ ಹೋಗುವುದರಲ್ಲಿ ಲಾಭವಿಲ್ಲ. ಆನ್‌ನಿಂದ ಆಫ್‌ಗೆ ಹೊರಳುವ ಪ್ರತಿ ಸಲವೂ ಮಾಸ್‌ಫೆಟ್ ತುಸು ಬಿಸಿಯಾಗುತ್ತದೆ. ಹೊರಳಾಟ ಹೆಚ್ಚಿದಷ್ಟೂ ಬಿಸಿ ಹೆಚ್ಚು.

ಇದೇ ಸಾಲುಗಳಿಂದ ಎಲ್‌ಇಡಿಯ ಬೆಳಕನ್ನೂ ಹೊಂದಿಸಬಹುದು. ರೆಸಿಸ್ಟರ್ ಜೊತೆಗಿರುವ ಸಣ್ಣ ಎಲ್‌ಇಡಿಗೆ ಮಾಸ್‌ಫೆಟ್ ಬೇಕಿಲ್ಲ. ಆದರೆ ಕಣ್ಣಿನ ಲೆಕ್ಕ ಮೋಟಾರಿನ ಲೆಕ್ಕದಂತಲ್ಲ. ಡ್ಯೂಟಿಯನ್ನು ಅರ್ಧಕ್ಕೆ ಇಳಿಸಿದರೆ ಬೆಳಕು ಅರ್ಧವಾದಂತೆ ಕಾಣುವುದೇ ಇಲ್ಲ, ಸ್ವಲ್ಪ ತಗ್ಗಿದಂತೆ ಕಾಣುತ್ತದೆ. ಕಣ್ಣಿಗೆ ಅರ್ಧ ಎನಿಸಬೇಕಾದರೆ ಸುಮಾರು ಶೇಕಡ 18ಕ್ಕೆ, ನಮ್ಮ 800ರಲ್ಲಿ 144ಕ್ಕೆ ಇಳಿಸಬೇಕು. ಮಂದ ಬೆಳಕಿನ ತುದಿಯಲ್ಲಿ ಒಂದೊಂದು ಮೆಟ್ಟಿಲೂ ಕಣ್ಣಿಗೆ ಬೀಳುವುದರಿಂದ, `analogWrite` ಕೊಡುವ 256 ಮೆಟ್ಟಿಲಿಗಿಂತ ಈ 800 ಮೆಟ್ಟಿಲು ಹಿತ.

ಎಲ್‌ಇಡಿಯಲ್ಲಿ ಕಾಣುವ ಇನ್ನೊಂದು ವಿಚಿತ್ರವಿದೆ. `OCR1A` ಯಲ್ಲಿ ಸೊನ್ನೆ ಬರೆದರೂ ಅದು ಪೂರ್ತಿ ಆರುವುದಿಲ್ಲ. ಕತ್ತಲ ಕೋಣೆಯಲ್ಲಿ ನೋಡಿದರೆ ಮಿಣುಕು ಬೆಳಕು ಉಳಿದಿರುತ್ತದೆ. ಎಣಿಕೆ ಸೊನ್ನೆಯಲ್ಲಿದ್ದಾಗ ಪಿನ್ ಒಂದು ಮಿಡಿತದಷ್ಟು ಹೊತ್ತು ಆನ್ ಆಗಿಯೇ ಆಫ್ ಆಗುವುದು ಇದಕ್ಕೆ ಕಾರಣ. 800ರಲ್ಲಿ ಒಂದು ಭಾಗ ಮೋಟಾರಿಗೆ ಲೆಕ್ಕಕ್ಕಿಲ್ಲ, ಕಣ್ಣಿಗೆ ಉಂಟು. ಪೂರ್ತಿ ಆರಿಸಬೇಕಾದರೆ ಪಿನ್ನನ್ನು ಟೈಮರಿನಿಂದ ಬಿಡಿಸಬೇಕು:

```c
TCCR1A &= ~(1 << COM1A1);
PORTB  &= ~(1 << PORTB1);
```

`analogWrite(9, 0)` ಎಂದಾಗ ಆರ್ಡುಯಿನೋ ತಂತ್ರಾಂಶ ಒಳಗೊಳಗೇ ಇದನ್ನೇ ಮಾಡುತ್ತದೆ. ಮತ್ತೆ ಬೆಳಗಿಸುವಾಗ `COM1A1` ಬಿಟ್ ಅನ್ನು ಮರಳಿ ಹಾಕಬೇಕು. ಮರೆತರೆ `OCR1A` ಯಲ್ಲಿ ಏನೇ ಬರೆದರೂ ದೀಪ ಹೊತ್ತುವುದಿಲ್ಲ.