ಬೈದವನು ಕಂಪನಿಯವನು, ಸಂಬಳ ಕೊಡುವವನು ಬೇರೆಯವನು

ಬೆಂಗಳೂರಿನ ಪೀಣ್ಯದ ಕಡೆ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆ. ಮೊದಲ ಶಿಫ್ಟು, ಬೆಳಗಿನ ಹತ್ತೂವರೆ. ಡ್ರಿಲ್ಲಿಂಗ್ ಮಷೀನಿನ ಮುಂದೆ ನಿಂತಿದ್ದವನು ಹಾಸನ ಜಿಲ್ಲೆಯಿಂದ ಬಂದ, ಇಪ್ಪತ್ತೆರಡು ವರ್ಷದ ಐಟಿಐ ಹುಡುಗ. ತಲೆಯ ಮೇಲಿನ ಬೋರ್ಡಿನಲ್ಲಿ ಗಂಟೆಗೆ 60 ಪೀಸ್ ಎಂದು ಬರೆದಿತ್ತು. ಆ ಗಂಟೆಯಲ್ಲಿ ಆಗಿದ್ದು 19. ಡ್ರಿಲ್ ಬಿಟ್ ಮುರಿದು, ಮೇಂಟೆನೆನ್ಸಿನವರು ಬಂದು ಹೋಗುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಹುಡುಗ ಅದನ್ನು ಹೇಳಲು ಬಾಯಿ ತೆರೆಯುವ ಮೊದಲೇ ಸೂಪರ್‌ವೈಸರ್ ಅವನ ತಾಯಿಯನ್ನು ಹಿಡಿದು ಬೈದ. ಕೊರಳಪಟ್ಟಿಗೆ ಕೈ ಹಾಕಿ, ನೇತಾಡುತ್ತಿದ್ದ ಐಡಿ ಕಾರ್ಡನ್ನು ಕಿತ್ತುಕೊಂಡ. "ನಾಳೆಯಿಂದ ಬರ್ಬೇಡ. ನಿನ್ನಂಥೋರು ಗೇಟಲ್ಲಿ ನೂರು ಜನ ನಿಂತವ್ರೆ" ಅಂದ.

ಹುಡುಗ ಕಂಟ್ರಾಕ್ಟರನಿಗೆ ಫೋನು ಮಾಡಿದ. "ತಲೆ ಕೆಡಿಸ್ಕೋಬೇಡ, ಸೋಮವಾರ ಬೇರೆ ಕಂಪ್ನಿಗೆ ಹಾಕ್ತೀನಿ" ಎಂದು ಉತ್ತರ ಬಂತು.

ಎರಡು ಮೂರು ಕಡೆ ನಡೆದದ್ದನ್ನು ಸೇರಿಸಿ ಒಂದೇ ಕಥೆಯಂತೆ ಹೇಳುತ್ತಿದ್ದೇನೆ. ಹುಡುಗನ ಹೆಸರಾಗಲಿ ಕಾರ್ಖಾನೆಯ ಹೆಸರಾಗಲಿ ಬೇಡ. ಆದರೆ ಯೂನಿಯನ್ ಕಚೇರಿಗಳಲ್ಲಿ ಕೂತು ಮಾತಾಡಿದವರಿಗೆ ಇದರಲ್ಲಿ ಹೊಸತೇನೂ ಕಾಣದು.

ಸಂಜೆ ಹುಡುಗ ಹೋಗಿದ್ದು ಗೇಟಿನ ಎದುರಿನ ಟೀ ಅಂಗಡಿಗೆ. ಅಲ್ಲಿ ಕಾರ್ಖಾನೆಯ ಯೂನಿಯನ್ ಕಾರ್ಯದರ್ಶಿ ಸಿಗುತ್ತಾರೆಂದು ಯಾರೋ ಹೇಳಿದ್ದರು. ಐವತ್ತು ದಾಟಿದ ಟರ್ನರ್ ಅವರು. ಹುಡುಗ "ಅಣ್ಣಾ" ಎಂದು ಶುರು ಮಾಡಿ ಅತ್ತೇಬಿಟ್ಟ. ಸಮಾಧಾನ ಹೇಳುವುದಕ್ಕೆ ಮೊದಲೇ ಕಾರ್ಯದರ್ಶಿ ಕೇಳಿದ್ದು ಎರಡು ಪ್ರಶ್ನೆ. "ನೀನು ಕೈ ಎತ್ತಿದ್ಯಾ?" ಇಲ್ಲ. "ಯಾವುದಾದ್ರೂ ಕಾಗದಕ್ಕೆ ಸೈನ್ ಹಾಕಿದ್ಯಾ?" ಇಲ್ಲ. "ಹಾಗಿದ್ರೆ ಟೀ ಕುಡಿ."

ಈ ಎರಡು ಪ್ರಶ್ನೆಗಳಲ್ಲಿ ಬಹಳಷ್ಟಿದೆ. ಹುಡುಗ ತಿರುಗಿ ಒಂದೇಟು ಹೊಡೆದಿದ್ದರೆ ಬೈಗುಳದ ವಿಷಯ ಅಲ್ಲಿಗೇ ಮುಗಿದು, ಹುಡುಗನ ಹೊಡೆತವೇ ಕೇಸಾಗುತ್ತಿತ್ತು. ಖಾಲಿ ಹಾಳೆಗೋ ರಾಜೀನಾಮೆಗೋ ಸಹಿ ಹಾಕಿದ್ದರೆ, ಅವನು ತಾನಾಗಿಯೇ ಕೆಲಸ ಬಿಟ್ಟವನು ಎಂದಾಗುತ್ತಿತ್ತು. ಎಷ್ಟೋ ದೂರುಗಳು ಲೇಬರ್ ಆಫೀಸಿನ ಮೆಟ್ಟಿಲು ಹತ್ತುವ ಮೊದಲೇ ಸಾಯುವುದು ಇಂಥ ಕಡೆಯೇ.

ಆಮೇಲೆ ಬರೆಯುವ ಕೆಲಸ. ಹುಡುಗ ಒಂದು ಹಾಳೆಯಲ್ಲಿ "ಸೂಪರ್‌ವೈಸರ್ ನನ್ನನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿದರು" ಎಂದು ಬರೆದ. ಪೊಲೀಸ್ ಠಾಣೆಯ ಕನ್ನಡ ನಮ್ಮೆಲ್ಲರಿಗೂ ಅಷ್ಟು ಅಭ್ಯಾಸವಾಗಿಬಿಟ್ಟಿದೆ. ಕಾರ್ಯದರ್ಶಿ ಹಾಳೆ ವಾಪಸ್ ಕೊಟ್ಟರು. "ಬೈದ ಅಂತ ಬರೀಬೇಡ. ಏನಂತ ಬೈದ, ಅದನ್ನ ಬರಿ." ಹುಡುಗನಿಗೆ ಕೈ ಬರಲಿಲ್ಲ. ಅಮ್ಮನ ಮೇಲಿನ ಮಾತದು. ಕೊನೆಗೆ ತಲೆ ತಗ್ಗಿಸಿಕೊಂಡು ಅಕ್ಷರ ಅಕ್ಷರ ಬರೆದ. ದಿನಾಂಕ, ಗಂಟೆ, ಮಷೀನ್ ನಂಬರು, ಕೊರಳಪಟ್ಟಿ ಹಿಡಿದ ಕೈ ಯಾವುದು, ಪಕ್ಕದ ಮಷೀನಿನಲ್ಲಿದ್ದ ಇಬ್ಬರು ಯಾರು, ಎಲ್ಲ ಸೇರಿತು. ಮುಂದೆ ಎಚ್‌ಆರ್ ಕೋಣೆಯಲ್ಲಿ "ಸ್ವಲ್ಪ ಗಡಸಾಗಿ ಮಾತಾಡಿರಬಹುದು" ಎಂಬ ಮಾತು ಬಂದಾಗ ಎದುರಿಗಿಡಲು ಉಳಿಯುವುದು ಆ ನಿಜವಾದ ಪದ ಮಾತ್ರ.

ಮರುದಿನ ಬೆಳಿಗ್ಗೆ ಆರಕ್ಕೆ ಹುಡುಗ ಎಂದಿನಂತೆ ಗೇಟಿಗೆ ಹೋಗಬೇಕು ಎಂಬುದು ಕಾರ್ಯದರ್ಶಿಯ ಕಟ್ಟಪ್ಪಣೆ. ಸೆಕ್ಯೂರಿಟಿಯವರು ಒಳಗೆ ಬಿಡಲಿಲ್ಲ, ಬಿಡುವುದಿಲ್ಲವೆಂದು ಗೊತ್ತೂ ಇತ್ತು. ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ, "ಕೆಲಸಕ್ಕೆ ಹಾಜರಾಗಿದ್ದೆ, ಒಳಗೆ ಬಿಡಲಿಲ್ಲ, ಕೆಲಸ ಕೊಡಿ" ಎಂಬ ಪತ್ರವನ್ನು ಕಂಪನಿಗೊಂದು, ಕಂಟ್ರಾಕ್ಟರನಿಗೊಂದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ. ಬಾಯಿಮಾತಿನಲ್ಲಿ ತೆಗೆದುಹಾಕಿದವರು ತಿಂಗಳ ನಂತರ ಕಾಗದದಲ್ಲಿ ಹೇಳುವುದು "ಅವನು ಹೇಳದೆ ಕೇಳದೆ ಕೆಲಸ ಬಿಟ್ಟುಹೋದ" ಎಂದೇ. ಆ ಮಾತಿಗೆ ಅಂಚೆಯ ರಸೀದಿಯೇ ಉತ್ತರ.

ಎರಡು ಪತ್ರ ಯಾಕೆ? ಗುತ್ತಿಗೆ ಕೆಲಸಗಾರನ ಕಷ್ಟದ ಗಂಟು ಇರುವುದು ಇಲ್ಲೇ. ಬೈದವನು ಕಂಪನಿಯ ನೌಕರ. ಸಂಬಳ, ಪಿಎಫ್, ಇಎಸ್‌ಐ ಕಟ್ಟುವವನು ಕಂಟ್ರಾಕ್ಟರ್. ಕಂಪನಿಗೆ ದೂರು ಕೊಟ್ಟರೆ "ಅವನು ನಮ್ಮ ಕೆಲಸಗಾರನಲ್ಲ" ಎನ್ನುತ್ತದೆ. ಕಂಟ್ರಾಕ್ಟರನಿಗೆ ಕೊಟ್ಟರೆ "ಸೂಪರ್‌ವೈಸರ್ ನನ್ನ ಮನುಷ್ಯ ಅಲ್ಲ, ನಾನೇನು ಮಾಡ್ಲಿ?" ಎನ್ನುತ್ತಾನೆ. ಇಬ್ಬರ ಮಾತೂ ಕಾಗದದ ಮೇಲೆ ನಿಜ. ಇಬ್ಬರ ನಡುವೆ ಹುಡುಗ ಬೀದಿಪಾಲು.

ಈ ಗಂಟಿನಲ್ಲೇ ಯೂನಿಯನ್ನಿಗೆ ಒಂದು ಎಳೆ ಸಿಗುತ್ತದೆ. ಕಾರ್ಖಾನೆಯೊಂದು ತೋರಿಕೆಗೆ ಮಾತ್ರ ಕಂಟ್ರಾಕ್ಟರನನ್ನು ನಡುವೆ ಇಟ್ಟುಕೊಂಡಿದ್ದರೆ ಆ ಕೆಲಸಗಾರರು ನಿಜದಲ್ಲಿ ಕಾರ್ಖಾನೆಯವರೇ ಎಂದು ವಾದಿಸಬಹುದು. 2001ರಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆ ರದ್ದಾದ ಮಾತ್ರಕ್ಕೆ ಯಾರೂ ತಾನಾಗಿ ಕಾಯಂ ಆಗುವುದಿಲ್ಲ, ಆದರೆ ಗುತ್ತಿಗೆಯೇ ಬರೀ ನೆಪವೆಂದು ಸಾಬೀತಾದರೆ ಮಾತು ಬೇರೆ ಎಂದಿತು. ನೆಪವೋ ಅಲ್ಲವೋ ಎಂದು ತಿಳಿಯಲು ನ್ಯಾಯಾಲಯಗಳು ನೋಡುವುದು ಸರಳ ಸಂಗತಿಗಳನ್ನೇ: ಕೆಲಸಕ್ಕೆ ತೆಗೆದುಕೊಂಡವರು ಯಾರು, ಸಂಬಳ ಕೊಡುವವರು ಯಾರು, ಶಿಸ್ತು ಕ್ರಮ ಯಾರದು, ತೆಗೆದುಹಾಕುವವರು ಯಾರು, ಮೇಲೆ ನಿಂತು ಕೆಲಸ ಮಾಡಿಸುವವರು ಯಾರು. ಈಗ ಆ ಬೆಳಗಿನ ಹತ್ತೂವರೆಗೆ ವಾಪಸ್ ಹೋಗಿ ನೋಡಿ. ಮೇಲೆ ನಿಂತವನೂ, ಶಿಕ್ಷೆ ಕೊಟ್ಟವನೂ, "ಬರ್ಬೇಡ" ಅಂದವನೂ ಕಂಪನಿಯ ಸೂಪರ್‌ವೈಸರೇ. ಅವನು ಐಡಿ ಕಾರ್ಡು ಕಿತ್ತುಕೊಂಡ ಕ್ಷಣದಲ್ಲಿ ಕಂಪನಿ ತನಗೆ ಬೇಡವಾದ ಒಂದು ಸಾಕ್ಷಿಯನ್ನು ತಾನೇ ಹುಟ್ಟಿಸಿತ್ತು.

ಆದರೆ ಇದೊಂದೇ ಸಾಕಾಗುವುದಿಲ್ಲ. ಕಂಟ್ರಾಕ್ಟರ್ ಕಳಿಸಿದ ಜನಕ್ಕೆ ಕಂಪನಿಯವರು ಕೆಲಸ ತೋರಿಸಿದ ಮಾತ್ರಕ್ಕೆ ಗುತ್ತಿಗೆ ಸುಳ್ಳಾಗದು ಎಂದೂ ಸುಪ್ರೀಂ ಕೋರ್ಟು ಆಮೇಲಿನ ತೀರ್ಪಿನಲ್ಲಿ ಹೇಳಿದೆ. ಈ ವಾದ ಗೆಲ್ಲಲು ವರ್ಷಗಳೇ ಬೇಕು. ಜಾಣ ಕಾರ್ಯದರ್ಶಿ ಅದನ್ನು ಮೊದಲೇ ಎಳೆದಾಡುವುದಿಲ್ಲ. ಮೇಜಿನ ಮೇಲೆ ಇಟ್ಟು ಸುಮ್ಮನಿರುತ್ತಾರೆ. ಎಚ್‌ಆರ್‌ನವರಿಗೆ ಅದರ ಬೆಲೆ ಗೊತ್ತು.

ಮೂರನೆಯ ದಿನ ಎಚ್‌ಆರ್ ಜೊತೆ ಮಾತುಕತೆ. ಕಂಟ್ರಾಕ್ಟರನೂ ಅದೇ ಕೋಣೆಯಲ್ಲಿರಬೇಕು ಎಂದು ಕಾರ್ಯದರ್ಶಿ ಪಟ್ಟು ಹಿಡಿದಿದ್ದರು. ಇಬ್ಬರೂ ಎದುರೆದುರು ಕೂತರೆ ಒಬ್ಬರ ಮೇಲೆ ಒಬ್ಬರು ಹಾಕಿ ಜಾರಿಕೊಳ್ಳುವುದು ಕಷ್ಟ. ಅವರು ಕೇಳಿದ ಮೊದಲ ದಾಖಲೆ ಆ ದಿನದ ಪ್ರೊಡಕ್ಷನ್ ಶೀಟ್. ಅದರಲ್ಲಿ ಮೇಂಟೆನೆನ್ಸಿನವರದೇ ಕೈಬರಹದಲ್ಲಿ ನಲವತ್ತು ನಿಮಿಷ ಮಷೀನ್ ನಿಂತಿತ್ತೆಂದು ಇತ್ತು. ಉಳಿದ ಇಪ್ಪತ್ತು ನಿಮಿಷಕ್ಕೆ 19 ಪೀಸ್ ಎಂದರೆ ಹುಡುಗ ಟಾರ್ಗೆಟ್ಟಿಗೆ ಒಂದೇ ಪೀಸು ಕಡಿಮೆ. ಸೂಪರ್‌ವೈಸರನನ್ನು ಕರೆಸಿದರು. ಅವನಿಗೂ ಮೇಲಿನವರಿಂದ ಗಂಟೆಗಂಟೆಗೆ ಫೋನು ಬರುತ್ತಿತ್ತಂತೆ. ಬೈಗುಳಕ್ಕೆ ಅದು ಸಬೂಬಾಗದು. ಆದರೆ ಬೈಗುಳ ಹುಟ್ಟಿದ್ದು ಎಲ್ಲಿಂದ ಎಂಬುದಕ್ಕೆ ಅದೂ ಒಂದು ಉತ್ತರ.

ಕೊನೆಗೆ ಹುಡುಗನಿಗೆ ಕೆಲಸ ವಾಪಸ್ ಸಿಕ್ಕಿತು, ಹೊರಗಿದ್ದ ದಿನಗಳ ಸಂಬಳವೂ ಬಂತು. ಸೂಪರ್‌ವೈಸರನಿಗೆ ಎಚ್ಚರಿಕೆಯ ಪತ್ರ ಕೊಟ್ಟು ಬೇರೆ ಶಿಫ್ಟಿಗೆ ಹಾಕಿದರು. ಮಷೀನ್ ನಿಂತ ಹೊತ್ತನ್ನು ಟಾರ್ಗೆಟ್ಟಿನಿಂದ ಕಳೆಯಬೇಕು ಎಂಬ ಯೂನಿಯನ್ ಬೇಡಿಕೆಗೆ ಮಾತ್ರ "ನೋಡೋಣ" ಎಂದರು.

ಮಾತುಕತೆ ಮುರಿದುಬಿದ್ದಿದ್ದರೆ? 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಆಡಳಿತದವರೂ ಕೆಲಸಗಾರರೂ ಸಮಸಂಖ್ಯೆಯಲ್ಲಿರಬೇಕು. ದೂರು ಕೊಡಲು ಒಂದು ವರ್ಷ, ತೀರ್ಮಾನಕ್ಕೆ 30 ದಿನ. ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ರಾಜಿ ಅಧಿಕಾರಿಯ ಬಳಿ ಹೋಗಬೇಕು, ಅದೂ ತಾನು ಸದಸ್ಯನಾಗಿರುವ ಯೂನಿಯನ್ ಮೂಲಕ. ಈ ಕೊನೆಯ ಮಾತನ್ನು ಗಮನಿಸಿ. ಕಾಯಂ ನೌಕರರ ಎಷ್ಟೋ ಯೂನಿಯನ್ನುಗಳು ಗುತ್ತಿಗೆಯವರನ್ನು ಸದಸ್ಯರಾಗಿ ಸೇರಿಸಿಕೊಳ್ಳುವುದೇ ಇಲ್ಲ. ಗುತ್ತಿಗೆಯವರು ಗಟ್ಟಿಯಾದರೆ ತಮ್ಮ ಬೋನಸ್ಸು, ಓವರ್‌ಟೈಮು ಕರಗೀತು ಎಂಬ ಅಳುಕು ಕಾಯಂ ನೌಕರರಲ್ಲಿದೆ. ನಮ್ಮ ಕಾರ್ಯದರ್ಶಿಗೂ ಅವರ ಕಮಿಟಿಯಲ್ಲೇ "ಹೊರಗಿನೋರ ಉಸಾಬರಿ ನಮಗ್ಯಾಕೆ?" ಎಂಬ ಮಾತು ಕೇಳಬೇಕಾಯಿತು. ನನ್ನ ಮಟ್ಟಿಗೆ, ಸೂಪರ್‌ವೈಸರನ ಬಾಯಿಗಿಂತ ಹೆಚ್ಚು ಕೇಡು ಮಾಡುವುದು ಈ ಮಾತು.

ಬೈಸಿಕೊಂಡವಳು ಹೆಣ್ಣಾಗಿದ್ದು, ಮಾತಿನಲ್ಲೋ ಕೈಯಲ್ಲೋ ಲೈಂಗಿಕ ಕಿರುಕುಳ ಇದ್ದಿದ್ದರೆ ದಾರಿ ಬೇರೆ. 2013ರ ಕಾಯ್ದೆಯಲ್ಲಿ ಕಂಟ್ರಾಕ್ಟರ್ ಮೂಲಕ ಬಂದವಳೂ ಉದ್ಯೋಗಿಯೇ. ಹಾಗಾಗಿ ಕಂಪನಿಯ ಆಂತರಿಕ ಸಮಿತಿ "ನೀನು ನಮ್ಮವಳಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಆದರೆ ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು.

ಇಂಥ ಮೇಜು, ಪತ್ರ, ರಸೀದಿಗಳ ಬೆಲೆ ತಿಳಿಯಬೇಕಾದರೆ ಹರಿಯಾಣದ ಮಾನೇಸರ್ ನೆನಪಾಗಬೇಕು. 2012ರ ಜುಲೈ 18ರ ಬೆಳಿಗ್ಗೆ ಅಲ್ಲಿನ ಮಾರುತಿ ಸುಜುಕಿ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರನಿಗೂ ಸೂಪರ್‌ವೈಸರನಿಗೂ ಜಗಳವಾಯಿತು. ಜಾತಿ ಹಿಡಿದು ಬೈದರೆಂದು ಯೂನಿಯನ್, ಕೆಲಸಗಾರನೇ ಹೊಡೆದನೆಂದು ಕಂಪನಿ. ಕೆಲಸಗಾರನನ್ನು ಅಮಾನತು ಮಾಡಿದರು. ಸಂಜೆಯ ಹೊತ್ತಿಗೆ ಕಾರ್ಖಾನೆಗೆ ಬೆಂಕಿ ಬಿದ್ದು ಎಚ್‌ಆರ್ ಅಧಿಕಾರಿಯೊಬ್ಬರು ಸತ್ತರು. 2017ರ ಮಾರ್ಚ್‌ನಲ್ಲಿ ನ್ಯಾಯಾಲಯ 13 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರಲ್ಲಿ ಹೆಚ್ಚಿನವರು ಯೂನಿಯನ್ ಪದಾಧಿಕಾರಿಗಳು. ಅದೇ ತೀರ್ಪಿನಲ್ಲಿ ಖುಲಾಸೆಯಾದವರು 117 ಮಂದಿ.

ಪೀಣ್ಯದ ಹುಡುಗನ ಕಥೆ ಇನ್ನೂ ಸ್ವಲ್ಪ ಉಳಿದಿದೆ. ನಾಲ್ಕು ತಿಂಗಳಾದ ಮೇಲೆ ಕಂಪನಿ ಕಂಟ್ರಾಕ್ಟರನನ್ನು ಬದಲಿಸಿತು. ಹಳೆಯ ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೊಸ ಕಂಟ್ರಾಕ್ಟರನ ಪಟ್ಟಿಗೆ ಬಂದರು, ಇವನೊಬ್ಬನ ಹೆಸರು ಬರಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ಕಾರ್ಡು ಕಿತ್ತುಕೊಳ್ಳಲಿಲ್ಲ. ಹುಡುಗ ಮತ್ತೆ ಟೀ ಅಂಗಡಿಗೆ ಬಂದ. ಈ ಸಲ ಅವನೇ ಹಾಳೆ, ಪೆನ್ನು ತಂದಿದ್ದ.